ಪರಿಶೀಲಿಸಿದವರ ಚಿಕ್ಕ ರುಜು

ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಹೇಳಿದರೆ ನನ್ನ ಮೇಜಿನ ಪೆನ್‌ಸ್ಟ್ಯಾಂಡ್ ಕೂಡ ನಗುತ್ತದೆ. ಇತ್ತು. ಬೇಕಾದಷ್ಟಿತ್ತು.

ಇಪ್ಪತ್ತೆರಡು ವರ್ಷದಿಂದ ನನ್ನದು ಒಂದೇ ಕೆಲಸ. ಸರ್ಕಾರದ ಆದೇಶಗಳು ನಮ್ಮ ಶಾಖೆಗೆ ಬರುತ್ತವೆ, ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಹತ್ತು ಹನ್ನೆರಡು ಪುಟ. ಅದನ್ನೆಲ್ಲ ಓದಿ ಒಂದೇ ಹಾಳೆಯಲ್ಲಿ ಸಾರಾಂಶ ಬರೆಯಬೇಕು: ಏನು ಮಾಡಬೇಕು, ಯಾವತ್ತಿನಿಂದ, ಯಾವ ಯಾವ ಇಲಾಖೆಗೆ ಅನ್ವಯ. ಆ ಹಾಳೆ ಊರ ಕಚೇರಿಗಳಿಗೆಲ್ಲ ಹೋಗುತ್ತದೆ, ಗೋಡೆಗಳಿಗೆ ಅಂಟುತ್ತದೆ. ಮೂಲ ಆದೇಶ ಓದುವವರು ಯಾರೂ ಇಲ್ಲ. ಓದುವುದು ಬಲಮೂಲೆಯಲ್ಲಿ ಚಿಕ್ಕ ರುಜು ಹಾಕಿ ನಾನು ಕಳಿಸುವ ಹಾಳೆಯನ್ನೇ. ನನ್ನ ಹಾಳೆ ಯಾವಾಗಲೂ ಮೂರೇ ಪ್ಯಾರಾ ಇರುತ್ತಿದ್ದರಿಂದ ಕಚೇರಿಯಲ್ಲಿ ನನ್ನ ಹೆಸರು 'ಮೂರು ಪ್ಯಾರಾ'. ಮುಖದೆದುರು ಯಾರೂ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಪ್ರೀತಿಯಿಂದಲೇ ಕರೆಯುತ್ತಿದ್ದರು ಎಂದುಕೊಂಡಿದ್ದೆ.

ಆಮೇಲೆ ಅವಳು ಬಂದಳು. ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳಿಗೇ ಎಲ್ಲರೂ ಅವಳನ್ನು 'ಮಿಂಚು' ಎನ್ನತೊಡಗಿದರು. ನಾನು ಮೂರು ಪ್ಯಾರಾ, ಅವಳು ಮಿಂಚು. ಇಷ್ಟು ಸಾಲದೇ?

ಮಿಂಚು ಪ್ಯಾರಾ ಬರೆಯುತ್ತಿರಲಿಲ್ಲ. ಚೌಕಗಳನ್ನು ಹಾಕುತ್ತಿದ್ದಳು, ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು. ಶಾಖಾಧಿಕಾರಿ ಅವಳ ಮೊದಲ ಹಾಳೆಯನ್ನು ಹಿಡಿದುಕೊಂಡು ಬಂದು, "ನೋಡಿ ಸಾರ್, ಎಷ್ಟು ಚೆನ್ನಾಗಿದೆ!" ಎಂದು ನನ್ನ ಮೇಜಿನ ಮೇಲೆಯೇ ಇಟ್ಟರು. ಇಡಲು ಬೇರೆ ಮೇಜು ಇರಲಿಲ್ಲವೇ? ಅವತ್ತಿನಿಂದ ಹಾಳೆ ಬರೆಯುವುದು ಅವಳು, ಪರಿಶೀಲಿಸುವುದು ನಾನು. ಕೆಳಗೆ ಎಡಕ್ಕೆ ಅವಳ ಪೂರ್ತಿ ಹೆಸರು, ಬಲಮೂಲೆಯಲ್ಲಿ ಎಂದಿನಂತೆ ನನ್ನ ಚಿಕ್ಕ ರುಜು. ಬಡ್ತಿ ಎಂದರು. ಅಡುಗೆ ಮಾಡುತ್ತಿದ್ದವನನ್ನು ಉಪ್ಪು ನೋಡಲು ಕೂರಿಸಿದರೆ ಅದನ್ನು ಬಡ್ತಿ ಅನ್ನುತ್ತಾರೇನು?

ಮನೆಯಲ್ಲಾದರೂ ನೆಮ್ಮದಿ ಇತ್ತೇ? ನನ್ನ ಅಕ್ಕ ಶಿಶುಪಾಲನಾ ಕೇಂದ್ರದಲ್ಲಿ ಗುತ್ತಿಗೆ ಸಹಾಯಕಿ, ಹದಿನಾಲ್ಕು ವರ್ಷದಿಂದ. ಭಾವ ಹೋದ ಮೇಲೆ ನಮ್ಮಲ್ಲೇ ಇದ್ದಾಳೆ. ಒಂದು ಸಂಜೆ ಚಪ್ಪಲಿ ಬಿಡುತ್ತಲೇ, "ಈಗೀಗ ಬರೋ ಹಾಳೆ ತುಂಬಾ ಚೆನ್ನಾಗಿರುತ್ತೆ ಕಣೋ, ಒಂದೇ ಸಲಕ್ಕೆ ಅರ್ಥ ಆಗುತ್ತೆ," ಎಂದಳು. ನಾನು ಟಿವಿಯ ಸದ್ದು ಜಾಸ್ತಿ ಮಾಡಿದೆ.

ಹೀಗಿರುವಾಗ ಆ ಆದೇಶ ಬಂತು. ತಿಂಗಳ ಹನ್ನೊಂದನೇ ತಾರೀಖಿನದು. ಹತ್ತು ವರ್ಷ ಪೂರೈಸಿದ ಗುತ್ತಿಗೆ ಸಹಾಯಕಿಯರು ಕಾಯಂ ಹುದ್ದೆಗೆ ಅರ್ಜಿ ಹಾಕಬಹುದು. ಆದೇಶ ಜಾರಿಗೆ ಬಂದ ದಿನದಿಂದ ಮೂವತ್ತು ದಿನ ಮಾತ್ರ ಅವಕಾಶ, ತಡವಾದರೆ ತಿರಸ್ಕಾರ. ಅಕ್ಕನಿಗೆ ಬೇಕಾಗಿದ್ದು ಇಷ್ಟೇ. ಹದಿನಾಲ್ಕು ವರ್ಷ ಇದಕ್ಕೇ ಕಾದಿದ್ದಳು.

ಮಿಂಚು ಹದಿನಾಲ್ಕನೇ ತಾರೀಖು ಹಾಳೆ ತಂದಳು. ಮೊದಲು ಇಲಾಖೆಗಳನ್ನು ನೋಡಿದೆ, ತಪ್ಪು ಸಿಗಲಿ ಎಂಬ ಆಸೆಯಿಂದಲೇ. ಸಿಗಲಿಲ್ಲ. ಕೊನೆಯ ಪುಟದ ಇಂಗ್ಲಿಷ್ ಅನುಬಂಧದಲ್ಲಿ ಅಡಗಿದ್ದ ಆಸ್ಪತ್ರೆಗಳ ಶಿಶುಪಾಲನಾ ಕೇಂದ್ರಗಳನ್ನೂ ಹಿಡಿದಿದ್ದಳು. ನಾನಾಗಿದ್ದರೆ ಅದನ್ನು ಬಿಟ್ಟೇಬಿಡುತ್ತಿದ್ದೆ. ಮೈಯೆಲ್ಲ ಉರಿಯಿತು.

ಆಮೇಲೆ ದಿನಾಂಕ ನೋಡಿದೆ. ಜಾರಿ: ಮುಂದಿನ ತಿಂಗಳ ಒಂದನೇ ತಾರೀಖು. ಅರ್ಜಿಗೆ ಕೊನೆಯ ದಿನ: ಅದೇ ತಿಂಗಳ ಮೂವತ್ತು.

ಆದೇಶವನ್ನು ತೆಗೆದೆ. ಮೊದಲ ಮೂರು ಪುಟ ಕನ್ನಡದಲ್ಲಿ ಪ್ರಸ್ತಾವನೆ. ಅಲ್ಲಿ ಇಲಾಖೆ, ಮುಂದಿನ ತಿಂಗಳ ಒಂದರಿಂದ ಜಾರಿ ಮಾಡಿ ಎಂದು ಕೇಳಿಕೊಂಡಿತ್ತು. ನಾಲ್ಕನೇ ಪುಟದಲ್ಲಿ ಇಂಗ್ಲಿಷಿನಲ್ಲಿ ಆದೇಶ. ಪ್ರಸ್ತಾವನೆಯನ್ನು ಮಾರ್ಪಾಡಿನೊಂದಿಗೆ ಒಪ್ಪಿದೆ, ಆದೇಶದ ದಿನಾಂಕದಿಂದಲೇ ಜಾರಿ ಎಂದಿತ್ತು. ಪ್ರಸ್ತಾವನೆಯಲ್ಲಿರುವುದು ಇಲಾಖೆ ಕೇಳಿದ್ದು, ಆದೇಶದಲ್ಲಿರುವುದು ಸರ್ಕಾರ ಕೊಟ್ಟಿದ್ದು. ಇದು ನನಗೆ ಮೊದಲ ವರ್ಷವೇ ಬೈಸಿಕೊಂಡು ಗೊತ್ತಾದ ಪಾಠ. ಅವಳಿಗೆ ಯಾರೂ ಬೈದಿರಲಿಲ್ಲ. ನಿಜವಾದ ಕೊನೆಯ ದಿನ ಮುಂದಿನ ತಿಂಗಳ ಹತ್ತು.

ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಎದುರಿಗೇ ನಿಂತಿದ್ದಳು, ಪೆನ್ನಿನ ಮುಚ್ಚಳ ಕಚ್ಚುತ್ತಾ.

"ಸರಿ ಇದೆಯಾ ಸಾರ್?"

ನಾನು ಚಿಕ್ಕ ರುಜು ಹಾಕಿದೆ. ಎಡಗಡೆ ಅವಳ ಹೆಸರು ಎದ್ದು ಕಾಣುತ್ತಿತ್ತು. ಬಲಮೂಲೆಯ ಆ ಗೀಚು ಯಾರ ಕಣ್ಣಿಗೆ ಬೀಳುತ್ತದೆ? ತಪ್ಪು ಅವಳ ತಲೆಗೇ ಬೀಳಲಿ ಒಮ್ಮೆ, ಮಿಂಚಿನ ಹೊಳಪು ಇಳಿಯಲಿ. ಅಕ್ಕನಿಗೆ ಮನೆಯಲ್ಲಿ ಹೇಳಿದರಾಯಿತು. ಹೀಗೆ ಯೋಚಿಸಿದೆ, ಆ ದಿನ ಊಟವೂ ರುಚಿಯಾಗಿಯೇ ಇತ್ತು.

ಅಕ್ಕನಿಗೆ ಕೂಡಲೇ ಹೇಳಲಿಲ್ಲ. ಹೇಳಿದರೆ ಅವಳು ಕೇಂದ್ರದಲ್ಲಿ ಡಂಗುರ ಹೊಡೆಯುತ್ತಾಳೆ, ತಪ್ಪು ಬೇಗ ತಿದ್ದಿಹೋಗುತ್ತದೆ. ಮುಂದಿನ ತಿಂಗಳ ಮೂರನೇ ತಾರೀಖು, ಬೆಳಗಿನ ಕಾಫಿಯ ಹೊತ್ತಿಗೆ, ಏನೋ ನೆನಪಾದವನಂತೆ ಕೇಳಿದೆ.

"ಅಕ್ಕಾ, ಅರ್ಜಿ ಹಾಕಿದ್ಯಾ?"

"ಇನ್ನೂ ಮೂವತ್ತರ ತನಕ ಟೈಮ್ ಇದೆಯಲ್ಲೋ. ನಾವು ಹನ್ನೆರಡೂ ಜನ ಒಟ್ಟಿಗೇ ಹೋಗ್ತೀವಿ. ಅನುಭವದ ಸರ್ಟಿಫಿಕೇಟ್ ಬರೋಕೆ ನಾಲ್ಕೈದು ದಿನ ಬೇಕಂತೆ, ಮುಂದಿನ ವಾರ ಕೇಳೋಣ ಅಂತಿದೀವಿ."

"ಇವತ್ತೇ ಕೇಳು. ಹತ್ತಕ್ಕೆ ಮುಗಿಯುತ್ತೆ. ಹಾಳೆಯಲ್ಲಿರೋದು ತಪ್ಪು."

ಅಕ್ಕ ಲೋಟ ಕೆಳಗಿಟ್ಟಳು. "ತಪ್ಪು ಹೇಗಾಗುತ್ತೆ?"

"ಹೊಸ ಹುಡುಗಿ ಬರೆದದ್ದು. ಏನು ಗೊತ್ತು ಅವಳಿಗೆ? ನೀವೆಲ್ಲ ತಲೆ ಮೇಲೆ ಕೂರಿಸಿಕೊಂಡಿದ್ರಿ."

"ಅವಳು ಯಾರೋ ನನಗೇನು ಗೊತ್ತು? ಅದರಲ್ಲಿ ನಿನ್ನ ರುಜು ಇದೆಯಲ್ಲೋ."

ನಾನು ಪೇಪರ್ ಕೈಗೆತ್ತಿಕೊಂಡೆ.

"ಚೌಕ, ದಪ್ಪ ಅಕ್ಷರ ಎಲ್ಲಾ ನೋಡೋಕೆ ಚೆಂದ. ಆದ್ರೆ ಹಾಳೆ ಬಂದ ತಕ್ಷಣ ನಮ್ಮವರು ಮೊದಲು ನೋಡೋದು ಮೂಲೆ. 'ನಿನ್ನ ತಮ್ಮನ ರುಜು ಇದೆ, ಇನ್ನು ಮೂಲ ಆದೇಶ ಹುಡುಕೋದು ಬೇಡ' ಅಂತಾರೆ. ನಾನು ಸೇರಿದಾಗಿನಿಂದ ಹಾಗೇ." ನನ್ನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ನಾನು ಬಳಪ ಕದ್ದಾಗಲೂ ಹೀಗೇ ನೋಡಿದ್ದಳು. "ತಪ್ಪು ಅಂತ ನಿನಗೆ ಯಾವಾಗ ಗೊತ್ತಾಯ್ತು?"

ನಾನು ಲೋಟದ ತಳ ನೋಡಿದೆ. ಅವಳಿಗೆ ಅಷ್ಟು ಸಾಕಾಯಿತು.

"ನನಗೊಬ್ಬಳಿಗೆ ಹೇಳಿ ಮುಗಿಸೋಣ ಅಂತಿದ್ಯಾ? ಉಳಿದ ಹನ್ನೊಂದು ಜನ ನಿನ್ನನ್ನ ನಂಬಿ ಕೂತಿದಾರೆ." ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ನನಗೆ ಬೇಕಾಗಿದ್ದ ಗೌರವವೆಲ್ಲ ಆ ಮೂಲೆಯಲ್ಲೇ ಬಿದ್ದಿತ್ತು. ನಾನು ಎಡಗಡೆಯ ಹೆಸರನ್ನೇ ನೋಡುತ್ತಾ ಉರಿದುಕೊಂಡಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

ಕಚೇರಿಗೆ ಎಲ್ಲರಿಗಿಂತ ಮೊದಲು ಹೋದೆ. ತಿದ್ದಿದ ಸಾರಾಂಶ ಬರೆದೆ, ಮೂರೇ ಪ್ಯಾರಾ. ಮಿಂಚು ಬಂದ ಕೂಡಲೇ ಆದೇಶದ ನಾಲ್ಕನೇ ಪುಟ ತೆಗೆದು ತೋರಿಸಿದೆ. ಓದುತ್ತಾ ಅವಳ ಮುಖ ಬಿಳುಚಿಕೊಂಡಿತು.

"ಅಯ್ಯೋ, ನಾನು ಪ್ರಸ್ತಾವನೆ ನೋಡಿ ಬರೆದುಬಿಟ್ಟೆ. ನೀವೂ ಗಮನಿಸಲಿಲ್ವಾ ಸಾರ್?"

ಹೂಂ ಅಂದರೆ ಸಾಕಿತ್ತು. ಅವಳೇ ದಾರಿ ಮಾಡಿಕೊಟ್ಟಿದ್ದಳು.

"ಗಮನಿಸಿದ್ದೆ," ಎಂದೆ. "ಆವತ್ತೇ."

ಅವಳು ನನ್ನ ಮೂರು ಪ್ಯಾರಾ ಎತ್ತಿಕೊಂಡು ತನ್ನ ಮೇಜಿಗೆ ಹೋದಳು. ಶಾಖಾಧಿಕಾರಿಯ ಹತ್ತಿರವೂ ಹೋಗಿ ಅದೇ ಮಾತು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಮೊದಲು ಹಾಳೆ ಕಳಿಸಿ, ನಿಮ್ಮ ವಿಷಯ ಆಮೇಲೆ ನೋಡೋಣ," ಎಂದರು.

ವಾಪಸು ಬಂದಾಗ ಮಿಂಚು ನನ್ನ ಮೂರು ಪ್ಯಾರಾ ಮುಂದಿಟ್ಟುಕೊಂಡು ಟೈಪ್ ಮಾಡುತ್ತಿದ್ದಳು. ನನ್ನ ಕಡೆ ನೋಡದೆಯೇ ಹಾಳೆ ಚಾಚಿದಳು. ಹಳೆಯ ದಿನಾಂಕವನ್ನು ಹೊಡೆದುಹಾಕಿ, ಪಕ್ಕದಲ್ಲೇ ಹೊಸದನ್ನು ಬರೆದು, ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದ್ದಳು: 'ಹಿಂದಿನ ಹಾಳೆ ಹರಿದುಹಾಕಿ. ಅನುಭವ ಪ್ರಮಾಣಪತ್ರಕ್ಕೆ ಇಂದೇ ಕೇಳಿ. ಇನ್ನು ಏಳು ದಿನ.'

ಅದು ನನಗೆ ಹೊಳೆದಿರಲಿಲ್ಲ. ಹಾಳೆ ನನ್ನದಕ್ಕಿಂತ ಚೆನ್ನಾಗಿತ್ತು. ಮತ್ತೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ನಾಲ್ಕನೇ ಪುಟವನ್ನು ಇನ್ನೊಮ್ಮೆ ಓದಿದೆ. ಒಂದೊಂದೇ ದಿನಾಂಕ, ಒಂದೊಂದೇ ಇಲಾಖೆ ತಾಳೆ ನೋಡಿದೆ. ಆಮೇಲೆ ಬಲಮೂಲೆಯಲ್ಲಿ, ಅಕ್ಕನ ಕೇಂದ್ರದವರೆಲ್ಲರಿಗೂ ಕಾಣುವ ಹಾಗೆ, ನನ್ನ ಪೂರ್ತಿ ಹೆಸರು ಬರೆದೆ.