ಅರ್ಧ ಹಿಂದಿಯಲ್ಲಿ ಹೇಳಲಾಗದ್ದು

ಕಾಳುಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ, ಅಸ್ಸಾಮಿನಿಂದ ಬಂದಿದ್ದ ದೀಪೇನ್ ಕೆಳಕ್ಕೆ ಬಿದ್ದ. ಆಲ್ದೂರಿನ ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಯಿತು. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿದ್ದ ಅವನ ಹೆಂಡತಿ ಜೋನಾಕಿಗೆ ತಿಳಿಸಿ ಬಾ ಎಂದು ತೋಟದ ಗೌಡರು ಲೆಕ್ಕ ಬರೆಯುವ ರೈಟರ್ ಹೂವಪ್ಪನಿಗೆ ಹೇಳಿದರು.

ಹೂವಪ್ಪ ಕದಲಲಿಲ್ಲ. "ನನ್ ಕೈಲಿ ಆಗಲ್ಲ ಗೌಡ್ರೇ. ನಂದು ಕೆಲ್ಸ ಹೇಳೋಷ್ಟೇ ಹಿಂದಿ, ಅವ್ಳಿಗೆ ಅದೂ ಬರಲ್ಲ. ಗಂಡ ಹೋದ ಅಂದ್ರೆ ಊರಿಗೆ ಹೋದ ಅಂದ್ಕೋತಾಳೆ. ಪಕ್ಕದ ತೋಟದ ರೂಪಾಲಿಗೆ ಅಸ್ಸಾಮಿ, ಕನ್ನಡ ಎರಡೂ ಬರುತ್ತೆ. ಅವಳಿಂದ ಹೇಳಿಸಿ."

"ಹೆದ್ರಿಕೊಂಡು ನುಣುಚ್ಕೊಳ್ತಿದ್ದೀಯಾ?"

"ಹೆದ್ರಿಕೆನೂ ಇದೆ. ಆದ್ರೆ ಇಂಥ ಮಾತು ಅರ್ಧಂಬರ್ಧ ಹೇಳಬಾರ್ದು."

ಗೌಡರು ರೂಪಾಲಿಯನ್ನು ಕರೆತರಲು ಜೀಪು ಕಳಿಸಿದರು.

ರೂಪಾಲಿ ಜೋನಾಕಿಯನ್ನು ಕೂರಿಸಿ, ಕೈ ಹಿಡಿದು ಮೆಲ್ಲಗೆ ಹೇಳಿದಳು. ಜೋನಾಕಿ ಚೀರಲಿಲ್ಲ. ರೂಪಾಲಿಯ ಕೈ ಬಿಡದೆ ಏನೋ ಕೇಳಿದಳು.

ರೂಪಾಲಿ ಬಾಗಿಲಲ್ಲಿ ನಿಂತಿದ್ದ ಹೂವಪ್ಪನ ಕಡೆ ತಿರುಗಿದಳು. "ಕೊನೇಲಿ ಏನಾದ್ರೂ ಹೇಳಿದ್ನಾ ಅಂತ ಕೇಳ್ತಿದಾಳೆ."

ಆಸ್ಪತ್ರೆಗೆ ಜೀಪಿನಲ್ಲಿ ದೀಪೇನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದವನು ಹೂವಪ್ಪನೇ.

"ಎರಡು ಸಲ ಏನೋ ಹೇಳ್ದ ಕಣಮ್ಮ," ಎಂದ. "ಅವನ ಭಾಷೇಲಿ. ನಂಗೆ ಒಂದಕ್ಷರನೂ ತಿಳೀಲಿಲ್ಲ."