ರಗಬ್‌ನ ಹಗಲು ನಿದ್ದೆ

ನನ್ನ ಗಂಡ ರಗಬ್‌ಗೆ ನಮ್ಮೂರು ಮಹಲ್ಲಾದ ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿ. ಅವನ ಹಗಲು ನಿದ್ದೆ ಕಾಯುವುದು ನನ್ನ ಪಾಳಿ. ಗ್ಯಾಸ್ ಮಾರುವ ಸಯ್ಯದ್ ಸಿಲಿಂಡರಿಗೆ ಸ್ಪ್ಯಾನರ್ ಬಡಿಯುತ್ತ ಬೀದಿಗೆ ಬಂದರೆ ನಾನು ಬಾಲ್ಕನಿಯಲ್ಲಿ ಜಗಳಕ್ಕೆ ನಿಲ್ಲುತ್ತೇನೆ. ಅಷ್ಟರಲ್ಲಿ ಒಳಗಿಂದ ರಗಬ್ ಅವನ ಏಳು ತಲೆಮಾರನ್ನೂ ಬೈದು ಮುಗಿಸಿರುತ್ತಾನೆ.

ಸಕ್ಕರೆ ಕಾಯಿಲೆ ಅಂಟಿಕೊಂಡಮೇಲೆ ಊಟಕ್ಕೆ ಹೊತ್ತು ನೋಡಬೇಕಂತೆ. ಮಗ್ಗದ ಮುಂದೆ ನಿಂತವನಿಗೆ ಎಲ್ಲಿಯ ಹೊತ್ತು? ಕೆಲವು ರಾತ್ರಿ ಬರೀ ಚಹಾ. ಡಾಕ್ಟರು ಮಾತ್ರೆ ಬೆಳಗಿನ ತಿಂಡಿಗೆ ಮುಂಚೆ ಎಂದಿದ್ದರು. ಇವನು ತಿಂಡಿ ತಿಂದು ಮಲಗಿಬಿಡುವವನೋ ಎಂದು ಅವರು ಕೇಳಲಿಲ್ಲ, ಇವನೂ ಬಾಯಿ ಬಿಡಲಿಲ್ಲ.

ಮೊನ್ನೆ ಬೆಳಿಗ್ಗೆ ಬಂದವನೇ ಮಾತ್ರೆ ನುಂಗಿದ. ನಾನು ಬೇಳೆ ಬಿಸಿ ಮಾಡಿ ತರುವಷ್ಟರಲ್ಲಿ ಹಾಸಿಗೆಗೆ ಬಿದ್ದಿದ್ದ.

"ಎರಡು ತುತ್ತು ತಿಂದು ಮಲಗು, ರಗಬ್."

"ಬಿಡೇ, ಎದ್ದಮೇಲೆ ತಿಂತೀನಿ."

ಎಷ್ಟು ಗೋಗರೆದರೂ ಏಳಲಿಲ್ಲ.

ಮಧ್ಯಾಹ್ನ ಸಯ್ಯದ್ ಬಂದ. ನಾನು ಎಂದಿನಂತೆ ಕಿರುಚಿದೆ. ಅವನು ತಲೆಯೆತ್ತಿ ನಕ್ಕ.

"ಏನಕ್ಕಾ, ಇವತ್ತು ಯಜಮಾನ್ರ ಬೈಗುಳ ಕೇಳ್ತಾನೇ ಇಲ್ಲ? ಊರಲ್ಲಿಲ್ವಾ?"

ಹೌದಲ್ಲ, ಒಳಗಿಂದ ಸದ್ದೇ ಇಲ್ಲ! ಒಳಗೆ ಓಡಿದೆ. ಅಂಗಿ ತೊಯ್ದು ಹಾಸಿಗೆಗೆ ಅಂಟಿತ್ತು, ಮೈ ತಣ್ಣಗಿತ್ತು. ಕಣ್ಣು ಅರೆ ತೆರೆದಿದ್ದರೂ ನನ್ನ ಗುರುತಿಲ್ಲ. ಏನೋ ತೊದಲುತ್ತಿದ್ದ.

"ಸಯ್ಯದ್! ಡಾಕ್ಟರ್ ಇನಾಸ್‌ನ ಕರ್ಕೊಂಡ್ ಬಾರೋ!"

ಇನಾಸ್ ಇರುವುದು ಮೂಲೆಯ ಔಷಧಿ ಅಂಗಡಿಯಲ್ಲಿ, ಆದರೂ ನಮ್ಮ ಬೀದಿಗೆಲ್ಲ ಅವಳು ಡಾಕ್ಟರೇ; ಏದುಸಿರು ಬಿಡುತ್ತ ಬಂದಳು. ನಾನು ಸಕ್ಕರೆ ನೀರಿನ ಲೋಟ ಅವನ ಬಾಯಿಗೆ ಒಯ್ಯುತ್ತಿದ್ದೆ.

"ಬೇಡಮ್ಮಾ! ಎಚ್ಚರ ಇಲ್ಲದವರಿಗೆ ಕುಡಿಸಿದ್ರೆ ಉಸಿರಿಗೆ ಹೋಗತ್ತೆ."

ಅವನನ್ನು ಮಗ್ಗುಲಿಗೆ ಹೊರಳಿಸಿ, ಕೆನ್ನೆಯ ಒಳಗೆ ಸ್ವಲ್ಪ ಜೇನು ಸವರಿದಳು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಮೂವತ್ತೊಂದಕ್ಕೆ ಇಳಿದಿತ್ತು. ಆಂಬುಲೆನ್ಸ್ ಬರುವವರೆಗೆ ನಾನು ಅವನ ಕಾಲು ತಿಕ್ಕುತ್ತಲೇ ಇದ್ದೆ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದಮೇಲೆ ಕಣ್ಣು ಬಿಟ್ಟ. ಮನೆಗೆ ಹೊರಡೋಣವೆಂದು ನಾನು ಚಪ್ಪಲಿ ಹುಡುಕುತ್ತಿದ್ದರೆ ಅಲ್ಲಿಯ ಡಾಕ್ಟರು ತಡೆದರು.

"ಈ ಮಾತ್ರೆ ಇಡೀ ದಿನ ಕೆಲಸ ಮಾಡತ್ತೆ, ಸಕ್ಕರೆ ಮತ್ತೆ ಇಳೀಬಹುದು. ನಾಳೆವರೆಗೂ ಇಲ್ಲೇ ಇರ್ಲಿ. ಗಳಿಗೆಗೊಮ್ಮೆ ಮಾತಾಡಿಸ್ತಾ ಇರಿ. ರಾತ್ರಿ ಪಾಳಿಯವರಿಗೆ ಬೆಳಗು ಅಂದ್ರೆ ನಿದ್ದೆಯಿಂದ ಎದ್ದಾಗ. ಊಟ ಎದುರಿಗಿಲ್ದೆ ಮಾತ್ರೆ ಮುಟ್ಟೋ ಹಾಗಿಲ್ಲ. ಈ ಮಾತ್ರೆನೇ ಬದಲಾಯಿಸಬೇಕೋ ಏನೋ, ನಾಳೆ ನೋಡೋಣ."

ಇಷ್ಟು ವರ್ಷ ಅವನ ನಿದ್ದೆಗಾಗಿ ಬೀದಿಯೊಡನೆ ಕಾದಾಡಿದವಳು, ಅಂದು ಅವನ ರೆಪ್ಪೆ ಮುಚ್ಚಿದಾಗಲೆಲ್ಲ ಭುಜ ಹಿಡಿದು ಅಲ್ಲಾಡಿಸಿದೆ.

"ಏ ಶೈತಾನ್ ಹೆಂಗಸೇ, ಒಂದು ಗಳಿಗೆ ಮಲಗಕ್ಕೆ ಬಿಡೇ! ನಿಮ್ಮಪ್ಪ ನಿನ್ನ ನನ್ನ ತಲೆಗೆ ಕಟ್ಟಿ ತಾನು ಹಾಯಾಗಿ ಮಲಗಿದಾನೆ!"

"ಬೈ. ನಮ್ಮಜ್ಜನನ್ನೂ ಸೇರಿಸಿ ಬೈ," ಎಂದೆ.

ಅವನು ಅಜ್ಜನಿಂದಲೇ ಶುರು ಮಾಡಿದ. ಮಾತೆಲ್ಲ ಸ್ಪಷ್ಟವಾಗಿತ್ತು, ತೊದಲೇ ಇರಲಿಲ್ಲ.