ಮೂರನೇ ಸಲ ಅಳಿಸಿಹೋದ ಅಡಾಪ್ಟರ್

ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕಿವಿಗೊಟ್ಟು ಕೇಳಿ ವರದಿ ಟೈಪ್ ಮಾಡುವುದು ಅವಳ ಕೆಲಸ. ಗಂಡನಿಗೆ ಮರೆವು ಶುರುವಾದ ಮೇಲೆ ಆಸ್ಪತ್ರೆಯವರನ್ನು ಕಾಡಿ ಬೇಡಿ, ಮನೆಯಿಂದಲೇ ಮಾಡುವ ಅನುಮತಿ ಪಡೆದಿದ್ದಳು. ಆ ಬೆಳಿಗ್ಗೆ ಆಸ್ಪತ್ರೆಯ ಜಾಲಕ್ಕೆ ಸೇರಿಸುವ ವಿಪಿಎನ್‌ನಲ್ಲಿ ಕನೆಕ್ಟ್ ಒತ್ತಿದರೆ ಮತ್ತೆ ಅದೇ ಸಾಲು: ಈ ಕಂಪ್ಯೂಟರಿನಲ್ಲಿ ಟ್ಯಾಪ್ ಅಡಾಪ್ಟರ್ ಇಲ್ಲ. ವಿಪಿಎನ್‌ಗೆ ಬೇಕಾದ ಆ ಸಾಫ್ಟ್‌ವೇರ್ ಕೊಂಡಿ ಮಾಯವಾದದ್ದು ತಿಂಗಳಲ್ಲಿ ಇದು ಮೂರನೇ ಸಲ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದಳು.

"ಡಿವೈಸ್ ಮ್ಯಾನೇಜರ್ ತೆಗೀರಿ ಅಮ್ಮಾ. ನೆಟ್‌ವರ್ಕ್ ಅಡಾಪ್ಟರ್ ಕೆಳಗೆ ಏನೇನಿದೆ?" ಎಂದ ಅಲ್ಲಿನ ತಂತ್ರಜ್ಞ.

"ವೈಫೈ ಇದೆ. ಟ್ಯಾಪ್ ಇಲ್ಲ."

"ಹೋದ ಸಲದ ಹಾಗೆ ಸ್ಟಾರ್ಟ್ ಮೆನುವಿನಿಂದ ಹೊಸ ಅಡಾಪ್ಟರ್ ಸೇರಿಸಿ."

ಪರದೆಯ ಮೇಲೆ ಕಪ್ಪು ಕಿಟಕಿಯೊಂದು ತೆರೆದುಕೊಂಡು, ಆಗಲಿಲ್ಲ ಅಂದಿತು.

"ಹಾಗಾದ್ರೆ ಈ ಸಲ ಅಡಾಪ್ಟರ್ ನಡೆಸೋ ಡ್ರೈವರೇ ಹೋಗಿದೆ. ಅಡಾಪ್ಟರ್ ಅಳಿಸುವಾಗ ಯಾರೋ ಅದಕ್ಕೂ ಟಿಕ್ ಹಾಕಿದಾರೆ. ಮನೇಲಿ ಬೇರೆ ಯಾರಾದ್ರೂ ಮುಟ್ತಾರಾ?"

ಅವಳು ತಿರುಗಿ ನೋಡಿದಳು. ಮೂವತ್ತು ವರ್ಷ ಟೆಲಿಫೋನ್ ಲೈನ್ ರಿಪೇರಿ ಮಾಡಿದ ಗಂಡ, ಕಿಟಕಿ ಪಕ್ಕ ಕೂತು ಅವಳನ್ನೇ ನೋಡುತ್ತಿದ್ದ.

"ಕೇಬಲ್ ಕಿತ್ತಿದೆ ಅಂತ ಕೆಂಪು ಗುರುತು ಇತ್ತು ಕಣೇ," ಎಂದ. "ಸತ್ತ ಲೈನು. ತೆಗೆದುಹಾಕಿದೆ. ನಿನಗೆ ತೊಂದರೆ ಆಗಬಾರದಲ್ಲ."

ವಿಪಿಎನ್ ಸೇರದೇ ಇದ್ದಾಗ ಆ ಅಡಾಪ್ಟರ್ ಮೇಲೆ ಕೆಂಪು ಗುರುತು ಇರುವುದೇ ಸರಿ, ಅದಕ್ಕೆ ನಿಜವಾದ ಕೇಬಲ್ಲೇ ಇಲ್ಲ ಎಂದು ಅವಳು ಎರಡು ಸಲ ಬಿಡಿಸಿ ಹೇಳಿದ್ದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು.

ಫೋನಿನಲ್ಲಿದ್ದಾತ ಹೇಳಿದಂತೆ ಹಳೆಯ ವಿಪಿಎನ್ ತೆಗೆದು, ಕಂಪ್ಯೂಟರ್ ಮರುಶುರು ಮಾಡಿ, ಇನ್‌ಸ್ಟಾಲರನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಳು. ಈ ಡ್ರೈವರನ್ನು ನಂಬಬಹುದೇ ಎಂದು ವಿಂಡೋಸ್ ಕೇಳಿದಾಗ ಹೌದು ಎಂದಳು. ಪಟ್ಟಿಯಲ್ಲಿ ಟ್ಯಾಪ್ ಬಂತು. ಕನೆಕ್ಟ್ ಒತ್ತಿದೊಡನೆ ಐಕಾನ್ ಹಸಿರಾಯಿತು.

"ನಿಮ್ಮ ಯಜಮಾನರಿಗೆ ಬೇರೆ ಅಕೌಂಟ್ ಮಾಡಿ, ಅಡ್ಮಿನ್ ಹಕ್ಕು ಕೊಡಬೇಡಿ," ಎಂದು ಆತ ಫೋನ್ ಇಟ್ಟ.

ಒಳಹೊಕ್ಕರೆ ಅವಳ ಪಾಲಿನ ಕೆಲಸದ ಪಟ್ಟಿ ಖಾಲಿ. ತುರ್ತು ವರದಿಗಳನ್ನೆಲ್ಲ ಬೇರೆಯವರಿಗೆ ಹಂಚಿದ್ದರು. ಮೇಲ್ವಿಚಾರಕಿಯ ಪತ್ರ ಕಾಯುತ್ತಿತ್ತು: ಆಪರೇಷನ್ ವರದಿ ಮತ್ತೆ ತಡವಾಯಿತು, ಸೋಮವಾರದಿಂದ ಆಸ್ಪತ್ರೆಗೇ ಬನ್ನಿ.

ಅವಳು ಮೇಲ್ವಿಚಾರಕಿಗೆ ಫೋನ್ ಮಾಡಿದಳು. "ಈಗ ಸರಿಯಾಗಿದೆ ಮೇಡಂ."

"ಹೋದ ಸಲವೂ ಅದನ್ನೇ ಹೇಳಿದ್ರಿ. ನನ್ನ ಕೈಲಿ ಏನೂ ಇಲ್ಲಮ್ಮ."

ಹಗಲಿಡೀ ಗಂಡನನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ನಾದಿನಿಯನ್ನು ಕೇಳಿಯಾಗಿತ್ತು, ಅವಳು ಆಗುವುದಿಲ್ಲ ಎಂದುಬಿಟ್ಟಿದ್ದಳು. ಹೋದ ವಾರ ಒಲೆಯ ಗ್ಯಾಸ್ ತೆರೆದೇ ಬಿಟ್ಟು ಬೀದಿಗೆ ಇಳಿದಿದ್ದ ಮನುಷ್ಯ.

ಅವನು ಎದ್ದು ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. "ಲೈನ್ ಬಂತಾ?"

"ಬಂತು ರೀ."

"ನೋಡಿದ್ಯಾ, ನಾನು ತೆಗೆದಿದ್ದಕ್ಕೇ ಬಂತು," ಎಂದ, ತುಂಬ ದಿನಗಳ ಮೇಲೆ ನಕ್ಕು.

ಅವಳು ಅಲ್ಲವೆನ್ನಲಿಲ್ಲ. ರಾಜೀನಾಮೆಗೆ ಯಾವ ನಮೂನೆ ಬೇಕೆಂದು ಮೇಲ್ವಿಚಾರಕಿಗೆ ಬರೆಯತೊಡಗಿದಳು.